ಹೊರಟ ದಿನ, ಬಂದ ದಿನದ ಬಾಟಾ

ಕೆಲಸದ ಮೇಲೆ ಪರ ಊರಿಗೆ ಹೋಗಿಬಂದವನಿಗೆ ದಿನದ ಬಾಟಾ ಕೊಡುವಾಗ ನಡುವಿನ ದಿನಗಳ ಬಗ್ಗೆ ಯಾರೂ ತಕರಾರು ತೆಗೆಯುವುದಿಲ್ಲ. ಬೆಳಗಿನಿಂದ ರಾತ್ರಿವರೆಗೆ ಹೊರಗೇ ಇದ್ದ, ಪೂರ್ತಿ ದಿನದ ದುಡ್ಡು ಕೊಟ್ಟರಾಯಿತು. ತಕರಾರು ಹುಟ್ಟುವುದು ಎರಡು ತುದಿಗಳಲ್ಲಿ. ಮಧ್ಯಾಹ್ನ ಮನೆಯಲ್ಲಿ ಉಂಡು ಹೊರಟವನಿಗೆ ಆ ದಿನಕ್ಕೆ ಎಷ್ಟು ಕೊಡಬೇಕು? ಬೆಳಗಿನ ಜಾವ ಬಂದಿಳಿದು ಮನೆಯಲ್ಲೇ ತಿಂಡಿ ತಿಂದವನಿಗೆ ಎಷ್ಟು? ಹತ್ತು ಹನ್ನೆರಡು ದಿನ ಊರೂರು ಸುತ್ತುವವರನ್ನು ಇಟ್ಟುಕೊಂಡ ದೊಡ್ಡ ಕಂಪನಿಗೆ ಇದು ತಲೆಕೆಡಿಸಿಕೊಳ್ಳುವ ವಿಷಯವಲ್ಲ. ತುದಿಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡುವಿನ ದಿನಗಳ ಮೊತ್ತದಲ್ಲಿ ಅದು ಮುಚ್ಚಿಹೋಗುತ್ತದೆ.

ಹೊನ್ನವಳ್ಳಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗಿನ ಸೀಮೆಯಲ್ಲಿ ಹಾಗಲ್ಲ. ಇಲ್ಲಿನ ಕೊಬ್ಬರಿ ಮಂಡಿಗಳಿಂದ, ಕಾಯಿಪುಡಿ ಘಟಕಗಳಿಂದ, ನಾರಿನ ಕಾರ್ಖಾನೆಗಳಿಂದ ಹೊರಡುವವರು ಬಹಳ ದಿನ ಹೊರಗೆ ಉಳಿಯುವುದು ಅಪರೂಪ. ಬೆಂಗಳೂರಿನ ವ್ಯಾಪಾರಿಯ ಹತ್ತಿರ ಬಾಕಿ ವಸೂಲಿ, ಪುಡಿಯ ಸ್ಯಾಂಪಲ್ ಹಿಡಿದು ಲ್ಯಾಬಿಗೆ ಹೋಗುವುದು, ಕೆಟ್ಟ ಯಂತ್ರದ ಬಿಡಿಭಾಗಕ್ಕೆ ತಮಿಳುನಾಡಿನ ಕಾಂಗೇಯಂ ಕಡೆ ಓಡುವುದು, ತೆಂಗು ಅಭಿವೃದ್ಧಿ ಮಂಡಳಿಯ ಕೆಲಸಕ್ಕೆ ಕೊಚ್ಚಿಗೆ ಹೋಗುವುದು, ಇವೆಲ್ಲ ಎರಡು ಮೂರು ದಿನದಲ್ಲಿ ಮುಗಿಯುವ ತಿರುಗಾಟ. ಎರಡು ದಿನದ ಪ್ರವಾಸದಲ್ಲಿ ಒಂದು ಹೊರಟ ದಿನ, ಇನ್ನೊಂದು ಬಂದ ದಿನ. ನಡುವಿನ ದಿನ ಎಂಬುದೇ ಇಲ್ಲ. ಹಾಗಾಗಿ ಅರೆಬರೆ ದಿನಕ್ಕೆ ಮಾಡಿಕೊಂಡ ನಿಯಮವೇ ಇಲ್ಲಿ ಇಡೀ ಬಾಟಾದ ನಿಯಮ. ಅದನ್ನು ಯೋಚಿಸಿ ಮಾಡಿಕೊಂಡವರು ಕಡಿಮೆ. ಹೆಚ್ಚಿನ ಕಡೆ ಯಜಮಾನರ ಆ ಹೊತ್ತಿನ ಮನಸ್ಸೇ ನಿಯಮ. ಉಳಿದ ಕಡೆ ಯಾವುದೋ ಸರ್ಕಾರಿ ಸುತ್ತೋಲೆಯಿಂದಲೋ ವಿದೇಶಿ ಕಂಪನಿಯ ಕೈಪಿಡಿಯಿಂದಲೋ ಎತ್ತಿಕೊಂಡ ಸಾಲುಗಳು.

ಅರೆಬರೆ ದಿನದ ಬಾಟಾವನ್ನು ಗಂಟೆ ಎಣಿಸಿ ಕೊಡಬಾರದು, ಕಣ್ಣುಮುಚ್ಚಿ ಮುಕ್ಕಾಲು ಭಾಗ ಎಂದೂ ಕೊಡಬಾರದು, ಹೊರಗೆ ಬಿದ್ದ ಊಟ ಎಣಿಸಿ ಕೊಡಬೇಕು ಎಂಬುದು ನನ್ನ ವಾದ. ಅದಕ್ಕೆ ಮೊದಲು ಬಾಟಾ ಯಾವುದಕ್ಕೆ ಕೊಡುವ ದುಡ್ಡು ಎನ್ನುವುದು ಇತ್ಯರ್ಥವಾಗಬೇಕು.

ಬಸ್ಸು, ರೈಲಿನ ಚಾರ್ಜು ಬೇರೆ ಬರುತ್ತದೆ. ಲಾಡ್ಜಿನ ಬಾಡಿಗೆಯೂ ಸಾಮಾನ್ಯವಾಗಿ ರಸೀದಿ ನೋಡಿ ಬೇರೆ ಕೊಡುತ್ತಾರೆ. ಉಳಿಯುವುದು ಊಟ, ತಿಂಡಿ, ಕಾಫಿ, ನೀರಿನ ಬಾಟಲಿ, ಬಸ್ ಸ್ಟ್ಯಾಂಡಿನ ಲಗೇಜು ಕೂಲಿ, ಹೀಗೆ ಲೆಕ್ಕಕ್ಕೆ ಸಿಗದ ಚಿಲ್ಲರೆ. ಮನೆಯಲ್ಲಿದ್ದರೆ ಆಗದ, ಹೊರಗಿದ್ದುದರಿಂದಲೇ ಆದ ಖರ್ಚು ಇದು. ಅದಕ್ಕೆ ಬಿಲ್ಲು ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ಕೇಂದ್ರ ಸರ್ಕಾರದ ಅನುಭವವೇ ಇದೆ. 2008ರಲ್ಲಿ ಆರನೇ ವೇತನ ಆಯೋಗದ ನಂತರ ಕೇಂದ್ರ ನೌಕರರಿಗೆ ದಿನಭತ್ಯೆಯ ಬದಲು ಊಟದ ಬಿಲ್ಲು ತಂದರೆ ಒಂದು ಮಿತಿಯೊಳಗೆ ಮರುಪಾವತಿ ಎಂಬ ವ್ಯವಸ್ಥೆ ಬಂತು. ಏಳನೇ ವೇತನ ಆಯೋಗದ ನಂತರ, 2017ರ ಜುಲೈ 13ರ ಆದೇಶದಲ್ಲಿ, ಊಟದ ಬಿಲ್ಲಿನ ಮರುಪಾವತಿಯನ್ನೇ ಕೈಬಿಟ್ಟು ಮತ್ತೆ ಇಡಿಗಂಟಿಗೆ ಬಂದರು: ವೇತನದ ಮಟ್ಟಕ್ಕೆ ತಕ್ಕಂತೆ ದಿನಕ್ಕೆ 500ರಿಂದ 1200 ರೂಪಾಯಿವರೆಗೆ. ಸರಿಯಾದ ತೀರ್ಮಾನ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದವನು ಎರಡು ಇಡ್ಲಿಗೆ ಬಿಲ್ಲು ಬರೆಸಿಕೊಂಡು ನಿಂತರೆ ಹಿಂದಿನ ಬಸ್ಸೂ ಹೋಗಿರುತ್ತದೆ.

ಹಾಗಾದರೆ ಇಡಿಗಂಟು ಊಟದ ಅಂದಾಜು ಖರ್ಚಿಗೆ ಬದಲಾಗಿ ಕೊಡುವ ದುಡ್ಡು. ನಿದ್ದೆಗೆಟ್ಟದ್ದಕ್ಕಲ್ಲ, ಹೆಂಡತಿ ಮಕ್ಕಳನ್ನು ಬಿಟ್ಟು ಹೋದದ್ದಕ್ಕಲ್ಲ, ಹೆಚ್ಚು ಹೊತ್ತು ದುಡಿದದ್ದಕ್ಕೂ ಅಲ್ಲ. ಅವುಗಳಿಗೆ ಕೊಡಬಾರದು ಎನ್ನುತ್ತಿಲ್ಲ, ಕೊಡಬೇಕಾದರೆ ಬೇರೆ ಹೆಸರಿನಲ್ಲಿ ಕೊಡಲಿ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಹೊರಟ ದಿನ, ಬಂದ ದಿನದ ಲೆಕ್ಕ ಇಷ್ಟು ಗೋಜಲಾಗಿರುವುದು.

ಈಗ ಚಾಲ್ತಿಯಲ್ಲಿರುವ ಪದ್ಧತಿಗಳನ್ನು ನೋಡೋಣ. ನಮಗೆ ಪರಿಚಿತವಾದದ್ದು ಗಂಟೆಯ ಲೆಕ್ಕ. ಕೇಂದ್ರದ 2017ರ ಆದೇಶದ ಪ್ರಕಾರ ಕೇಂದ್ರಸ್ಥಾನದಿಂದ ಹೊರಗಿದ್ದ ಅವಧಿ ಒಂದು ದಿನದಲ್ಲಿ 6 ಗಂಟೆಗಿಂತ ಕಡಿಮೆಯಿದ್ದರೆ ಇಡಿಗಂಟಿನ ಶೇ. 30, 6ರಿಂದ 12 ಗಂಟೆಯಾದರೆ ಶೇ. 70, 12 ಗಂಟೆ ದಾಟಿದರೆ ಪೂರ್ತಿ. ದಿನ ಎಂದರೆ ನಡುರಾತ್ರಿಯಿಂದ ನಡುರಾತ್ರಿವರೆಗೆ. ಇದೇ 30, 70, 100ರ ಮೆಟ್ಟಿಲು ರೈಲ್ವೆಯಲ್ಲೂ ಇದೆ. ತಿಪಟೂರಿನಿಂದ ಹೊನ್ನವಳ್ಳಿ ರೋಡ್ ದಾಟಿ ಅರಸೀಕೆರೆಗೆ ಹೋಗುವ ಹಳಿಯ ಮೇಲೆ ಕೆಲಸ ಮಾಡುವವರಿಗೆ ಈ ಮೂರು ಸಂಖ್ಯೆ ಬಾಯಿಪಾಠ.

ಅಮೆರಿಕದ ಸರ್ಕಾರಿ ನಿಯಮ ಗಂಟೆಯ ಗೊಡವೆಗೆ ಹೋಗುವುದಿಲ್ಲ. ಪ್ರವಾಸ 24 ಗಂಟೆ ಮೀರಿದರೆ ಹೊರಟ ದಿನಕ್ಕೆ ಮುಕ್ಕಾಲು, ಬಂದ ದಿನಕ್ಕೆ ಮುಕ್ಕಾಲು, ನಡುವಿನ ದಿನಗಳಿಗೆ ಪೂರ್ತಿ. ಬೆಳಗ್ಗೆ ನಾಲ್ಕಕ್ಕೆ ಹೊರಡಲಿ, ರಾತ್ರಿ ಹತ್ತಕ್ಕೆ ಹೊರಡಲಿ, ಮುಕ್ಕಾಲೇ. ಬೆಂಗಳೂರಿನ ಎಷ್ಟೋ ಸಾಫ್ಟ್‌ವೇರ್ ಕಂಪನಿಗಳಲ್ಲಿ ಅಮೆರಿಕಕ್ಕೆ ಹೋಗಿಬಂದವರು ಈ ಲೆಕ್ಕವನ್ನು ಬಲ್ಲರು. ಜರ್ಮನಿಯಲ್ಲಿ ಪೂರ್ತಿ ದಿನಕ್ಕೆ 28 ಯೂರೋ. ರಾತ್ರಿ ಹೊರಗೆ ಕಳೆಯುವ ಪ್ರವಾಸದಲ್ಲಿ ಹೊರಟ ದಿನ, ಬಂದ ದಿನಕ್ಕೆ ಅದರ ಅರ್ಧ, 14 ಯೂರೋ. ಅಲ್ಲಿಯೂ 2014ಕ್ಕೆ ಮೊದಲು ಗಂಟೆಗಳ ಮೆಟ್ಟಿಲು ಇನ್ನೂ ಹೆಚ್ಚಿತ್ತು; ಲೆಕ್ಕದ ತಾಪತ್ರಯ ತಪ್ಪಲಿ ಎಂದು ಸರಳ ಮಾಡಿದರು. ಸರಳತೆ ಸಣ್ಣ ಗುಣವಲ್ಲ. ಅದಕ್ಕೆ ಯಾರು ಬೆಲೆ ತೆರುತ್ತಾರೆ ಎನ್ನುವುದಷ್ಟೇ ಪ್ರಶ್ನೆ.

ಹೊನ್ನವಳ್ಳಿಯ ಒಂದು ಕಾಯಿಪುಡಿ ಘಟಕ ಎಂದಿಟ್ಟುಕೊಳ್ಳಿ. ದಿನದ ಬಾಟಾ 800 ರೂಪಾಯಿ, ಲಾಡ್ಜು ಮತ್ತು ಚಾರ್ಜು ಬೇರೆ. ಅಲ್ಲಿಂದ ಇಬ್ಬರು ಬೇರೆ ಬೇರೆ ದಿಕ್ಕಿಗೆ ಹೊರಡುತ್ತಾರೆ.

ಮೊದಲನೆಯವನಿಗೆ ಬೆಂಗಳೂರಿನಲ್ಲಿ ಎರಡು ದಿನದ ಕೆಲಸ. ಮಂಗಳವಾರ ಬೆಳಗ್ಗೆ 5 ಗಂಟೆಗೆ ಮನೆ ಬಿಡುತ್ತಾನೆ, ಆ ಹೊತ್ತಿಗೆ ಮನೆಯಲ್ಲಿ ಒಲೆ ಹಚ್ಚಿರುವುದಿಲ್ಲ. ತಿಪಟೂರಿಗೆ ಬಂದು ರೈಲು ಹತ್ತುತ್ತಾನೆ, ತಿಂಡಿ ದಾರಿಯಲ್ಲಿ. ಮಧ್ಯಾಹ್ನ, ರಾತ್ರಿ ಬೆಂಗಳೂರಿನಲ್ಲಿ ಊಟ, ಲಾಡ್ಜಿನಲ್ಲಿ ಮಲಗುತ್ತಾನೆ. ಬುಧವಾರ ತಿಂಡಿ, ಊಟ ಅಲ್ಲೇ. ಸಂಜೆ ಕೆಲಸ ಮುಗಿಸಿ ಬಸ್ಸು ಹಿಡಿದು ಕೆ.ಬಿ. ಕ್ರಾಸಿನಲ್ಲಿ ಇಳಿದು ರಾತ್ರಿ ಊಟ ಮುಗಿಸಿ, ಮನೆ ಸೇರುವಾಗ 11 ಗಂಟೆ. ಹೊರಗೆ ಆರು ಹೊತ್ತು ಉಂಡಿದ್ದಾನೆ, ಒಂದು ಹೊತ್ತೂ ಮನೆಯದಲ್ಲ.

ಎರಡನೆಯವನು ಬೆಳಗಾವಿಗೆ. ಮಂಗಳವಾರ ರಾತ್ರಿ ಮನೆಯಲ್ಲಿ ಮುದ್ದೆ ಸಾರು ಉಂಡು 9:30ಕ್ಕೆ ಹೊರಟು ಅರಸೀಕೆರೆಯಲ್ಲಿ ರಾತ್ರಿ ರೈಲು ಹತ್ತುತ್ತಾನೆ. ಬುಧವಾರ ಇಡೀ ದಿನ ಬೆಳಗಾವಿ, ಮೂರು ಹೊತ್ತು ಅಲ್ಲೇ. ಮತ್ತೆ ರಾತ್ರಿ ರೈಲು. ಗುರುವಾರ ಬೆಳಗ್ಗೆ 6:30ಕ್ಕೆ ಮನೆ, ಸ್ನಾನ ಮಾಡಿ ಮನೆಯ ತಿಂಡಿ. ಹೊರಗೆ ಉಂಡದ್ದು ಮೂರೇ ಹೊತ್ತು.

ಅಮೆರಿಕದ ಮುಕ್ಕಾಲು ಲೆಕ್ಕ ಹಾಕಿ. ಬೆಂಗಳೂರಿಗೆ ಹೋದವನಿಗೆ ಎರಡೂ ದಿನ ಮುಕ್ಕಾಲು, ಒಟ್ಟು 1200 ರೂಪಾಯಿ. ಬೆಳಗಾವಿಗೆ ಹೋದವನಿಗೆ ಮುಕ್ಕಾಲು, ಪೂರ್ತಿ, ಮುಕ್ಕಾಲು, ಒಟ್ಟು 2000. ಆರು ಹೊತ್ತು ಉಂಡವನಿಗೆ 1200, ಮೂರು ಹೊತ್ತು ಉಂಡವನಿಗೆ 2000! ಜರ್ಮನಿಯಂತೆ ತುದಿಗಳಿಗೆ ಅರ್ಧ ಕೊಟ್ಟರೆ ಮೊದಲನೆಯವನಿಗೆ 800, ಎರಡನೆಯವನಿಗೆ 1600, ಇನ್ನೂ ಕೆಟ್ಟಿತು. ನಮ್ಮ ಗಂಟೆಯ ಮೆಟ್ಟಿಲಿನಲ್ಲಿ ಬೆಂಗಳೂರಿನವನಿಗೆ 19 ಗಂಟೆ, 23 ಗಂಟೆ, ಎರಡೂ ಪೂರ್ತಿ, 1600 ರೂಪಾಯಿ. ಬೆಳಗಾವಿಯವನಿಗೆ ಮಂಗಳವಾರದ ಎರಡೂವರೆ ಗಂಟೆಗೆ ಶೇ. 30, ಬುಧವಾರ ಪೂರ್ತಿ, ಗುರುವಾರದ ಆರೂವರೆ ಗಂಟೆಗೆ ಶೇ. 70. ಅದೂ 1600. ನೋಡುವುದಕ್ಕೆ ಸಮ ಅನ್ನಿಸುತ್ತದೆ, ಒಳಗೆ ಮೂರು ಊಟದ ವ್ಯತ್ಯಾಸ ಅಡಗಿದೆ.

ಗಂಟೆಯ ಲೆಕ್ಕ ಎಡವುವುದು ನಡುರಾತ್ರಿಯಲ್ಲಿ. ಅದು ಎಲ್ಲ ಗಂಟೆಗಳನ್ನೂ ಒಂದೇ ತೂಕದಲ್ಲಿ ಎಣಿಸುತ್ತದೆ, ಊಟ ಹಾಗೆ ಹಂಚಿಹೋಗಿರುವುದಿಲ್ಲ. ನಡುರಾತ್ರಿಯಿಂದ ಬೆಳಗ್ಗೆ ಆರರವರೆಗಿನ ಆರು ಗಂಟೆಯಲ್ಲಿ ಯಾರೂ ಊಟ ಮಾಡುವುದಿಲ್ಲ; ಬರ್ತಿನಲ್ಲಿ ಮಲಗಿರುತ್ತಾರೆ. ಸಂಜೆ ಆರರಿಂದ ನಡುರಾತ್ರಿವರೆಗಿನ ಆರು ಗಂಟೆಯಲ್ಲಿ ದಿನದ ದೊಡ್ಡ ಊಟವೊಂದು ಇದೆ. ಆದ್ದರಿಂದ ಸಂಜೆ 6:30ಕ್ಕೆ ಹೊರಟು ದಾರಿಯಲ್ಲಿ ಉಂಡವನಿಗೆ ಶೇ. 30 ಸಿಗುತ್ತದೆ, ಬೆಳಗ್ಗೆ 6:30ಕ್ಕೆ ಬಂದು ಮನೆಯಲ್ಲಿ ತಿಂದವನಿಗೆ ಶೇ. 70. ಬಂದ ದಿನಕ್ಕೆ ಧಾರಾಳ, ಹೊರಟ ದಿನಕ್ಕೆ ಜಿಪುಣತನ. ಇದು ಯಾರೋ ಬೇಕೆಂದು ಮಾಡಿದ್ದಲ್ಲ. ಕ್ಯಾಲೆಂಡರಿನ ದಿನ ನಡುರಾತ್ರಿಯಲ್ಲಿ ಶುರುವಾಗುತ್ತದೆ, ಹೊಟ್ಟೆಯ ದಿನ ಬೆಳಗ್ಗೆ ಶುರುವಾಗುತ್ತದೆ.

ಮೆಟ್ಟಿಲಿನ ಅಂಚಿನಲ್ಲಿ ಇನ್ನೊಂದು ತೊಂದರೆ ಇದೆ. ಬೆಳಗ್ಗೆ 5:50ಕ್ಕೆ ಮನೆ ಸೇರಿದರೆ 240 ರೂಪಾಯಿ, 6:10ಕ್ಕೆ ಸೇರಿದರೆ 560. ಇಪ್ಪತ್ತು ನಿಮಿಷಕ್ಕೆ 320 ರೂಪಾಯಿ ಎಂದರೆ ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಟೀ ಕುಡಿದು ಕೂರುವುದೇ ಲಾಭ. ಕೂರಬೇಕಾಗಿಯೂ ಇಲ್ಲ, ಚೀಟಿಯಲ್ಲಿ ಹಾಗೆ ಬರೆದರೆ ಸಾಕು. ಗಂಟೆ ಲೆಕ್ಕದ ನಿಯಮವಿರುವ ಯಾವುದೇ ಆಫೀಸಿನ ಪ್ರವಾಸದ ರಿಜಿಸ್ಟರ್ ತೆಗೆದು ವಾಪಸು ಬಂದ ಸಮಯದ ಕಾಲಂ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. 6:10, 6:15, 12:10, 12:20 ಸಾಲುಸಾಲಾಗಿ ಇದ್ದು 5:45, 11:50 ಕಾಣಿಸದೇ ಹೋದರೆ ರೈಲುಗಳು ಅಷ್ಟು ಅನುಕೂಲವಾಗಿ ಓಡುತ್ತಿವೆ ಎಂದು ತಿಳಿಯಬೇಕಿಲ್ಲ. ನೌಕರರನ್ನು ಬೈದು ಪ್ರಯೋಜನವೂ ಇಲ್ಲ. ಅಂಥ ಬರಹಕ್ಕೆ ಆಸೆ ಹುಟ್ಟಿಸಿದ್ದು ನಿಯಮವೇ.

ನಾನು ಹೇಳುವ ಊಟದ ಲೆಕ್ಕದಲ್ಲಿ ದಿನದ ಬಾಟಾವನ್ನು ಮೊದಲೇ ಒಡೆದಿಡಬೇಕು. ತಿಂಡಿಗೆ ಶೇ. 20, ಮಧ್ಯಾಹ್ನದ ಊಟಕ್ಕೆ 35, ರಾತ್ರಿಯದಕ್ಕೆ 35, ಕಾಫಿ ನೀರು ಚಿಲ್ಲರೆಗೆ 10. 800 ರೂಪಾಯಿಯಲ್ಲಿ ಅದು 160, 280, 280 ಮತ್ತು 80. ಈ ಪಾಲು ನನ್ನ ಅಂದಾಜು, ಬೇರೆಯವರು ಬೇರೆ ಮಾಡಿಕೊಳ್ಳಬಹುದು. ಜರ್ಮನಿಯಲ್ಲಿ ಯಾರಾದರೂ ಊಟ ಹಾಕಿಸಿದರೆ ಕಳೆಯುವುದಕ್ಕೆ 20, 40, 40ರ ಪಾಲು ಇದೆ. ಅಮೆರಿಕದ ಸರ್ಕಾರವೂ ತನ್ನ ದರವನ್ನು ತಿಂಡಿ, ಊಟ, ಚಿಲ್ಲರೆ ಎಂದು ಒಡೆದೇ ಪ್ರಕಟಿಸುತ್ತದೆ. ವಿಚಿತ್ರವೆಂದರೆ ಆ ಒಡೆದ ಲೆಕ್ಕವನ್ನು ಅವರು ಪುಕ್ಕಟೆ ಊಟ ಕಳೆಯುವುದಕ್ಕೆ ಬಳಸುತ್ತಾರೆಯೇ ಹೊರತು, ಮನೆಯಲ್ಲಿ ಉಂಡ ಊಟ ಕಳೆಯುವುದಕ್ಕೆ ಬಳಸುವುದಿಲ್ಲ. ಸಾಮಗ್ರಿ ಕೈಯಲ್ಲಿದ್ದೂ ಅಡುಗೆ ಮಾಡಲಿಲ್ಲ.

ಯಾವ ಊಟ ಹೊರಗೆ ಬಿತ್ತು ಎಂದು ತೀರ್ಮಾನಿಸಲು ಮೂರು ಗಳಿಗೆ ಸಾಕು: ಬೆಳಗ್ಗೆ 8, ಮಧ್ಯಾಹ್ನ 1:30, ರಾತ್ರಿ 8:30. ಆ ಗಳಿಗೆಯಲ್ಲಿ ಮನೆಯ ಹೊರಗೆ, ಪ್ರವಾಸದಲ್ಲಿದ್ದರೆ ಆ ಹೊತ್ತಿನ ಪಾಲು ಅವನದು. ಏನು ತಿಂದ, ಎಲ್ಲಿ ತಿಂದ, ಎಷ್ಟಕ್ಕೆ ತಿಂದ ಎಂದು ಕೇಳುವಂತಿಲ್ಲ. ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಹೋಗಿ ಉಳಿಸಿಕೊಂಡರೆ ಅದು ಅವನ ಜಾಣತನ. ಚಿಲ್ಲರೆಯ ಶೇ. 10 ಪ್ರವಾಸದ ಪ್ರತಿ ದಿನಕ್ಕೂ ಇರಲಿ, ಅದನ್ನು ಮತ್ತೆ ಚೂರು ಮಾಡುವುದು ಅತಿಯಾಯಿತು.

ಈಗ ಅದೇ ಇಬ್ಬರು. ಬೆಂಗಳೂರಿನವನು ಎರಡೂ ದಿನ ಮೂರೂ ಗಳಿಗೆಯಲ್ಲಿ ಹೊರಗಿದ್ದ: 1600. ಬೆಳಗಾವಿಯವನಿಗೆ ಬುಧವಾರದ ಪೂರ್ತಿ 800, ಜೊತೆಗೆ ಎರಡು ತುದಿಗಳ ಚಿಲ್ಲರೆ 80 ಮತ್ತು 80, ಒಟ್ಟು 960. ಖರ್ಚು ಹೆಚ್ಚಾದವನಿಗೆ ಹೆಚ್ಚು, ಕಡಿಮೆಯಾದವನಿಗೆ ಕಡಿಮೆ.

ಬೆಳಗಾವಿಯವನು ಇದನ್ನು ಒಪ್ಪುವುದಿಲ್ಲ. “ಎರಡು ರಾತ್ರಿ ರೈಲಿನಲ್ಲಿ ಸೊಂಟ ಮುರಿದುಕೊಂಡೆ, ಲಾಡ್ಜಿನ ದುಡ್ಡೂ ನಿಮಗೆ ಉಳಿಸಿದೆ, ಅವನು ಬೆಂಗಳೂರಿನಲ್ಲಿ ಫ್ಯಾನ್ ಹಾಕಿಕೊಂಡು ಮಲಗಿದ. ಅವನಿಗೆ 1600, ನನಗೆ 960?” ಅವನ ಮಾತಿನಲ್ಲಿ ನ್ಯಾಯವಿದೆ, ಆ ನ್ಯಾಯವನ್ನು ಊಟದ ಬಾಬ್ತಿನಲ್ಲಿ ಹುಡುಕುವುದು ತಪ್ಪು. ಅವನು ಕೇಳುತ್ತಿರುವುದು ರಾತ್ರಿ ಪ್ರಯಾಣದ ಶ್ರಮಕ್ಕೆ. ಅದಕ್ಕೆ ರಾತ್ರಿಗೆ ಇಷ್ಟು ಎಂದು ಬೇರೆಯೇ ಸಾಲು ಬರೆಯಿರಿ. ರಾತ್ರಿಗೆ 300 ರೂಪಾಯಿ ಎಂದರೆ ಅವನ ಒಟ್ಟು 1560ಕ್ಕೆ ಬರುತ್ತದೆ, ಎರಡು ಲಾಡ್ಜು ರಾತ್ರಿಗಳ ಎದುರು ಆ 600 ಘಟಕಕ್ಕೆ ಭಾರವೇನಲ್ಲ. ಮೊತ್ತ ಹೆಚ್ಚುಕಡಿಮೆ ಗಂಟೆ ಲೆಕ್ಕದ ಹತ್ತಿರವೇ ನಿಂತಿತಲ್ಲ ಎಂದು ಯಾರಾದರೂ ಕೇಳಬಹುದು. ಈ ಪ್ರವಾಸದಲ್ಲಿ ಹೌದು, ಆದರೆ ಅದು ಕಾಕತಾಳೀಯ. ಮುಂದಿನ ಬಾರಿ ಅವನು ಸಂಜೆ ಆರಕ್ಕೆ ಹಗಲಿನ ರೈಲಿನಲ್ಲಿ ವಾಪಸು ಬಂದರೆ ಊಟದ ಸಾಲು ಒಂದು ರೀತಿ ಬದಲಾಗುತ್ತದೆ, ರಾತ್ರಿಯ ಸಾಲು ಇನ್ನೊಂದು ರೀತಿ. ಯಾವ ದುಡ್ಡು ಯಾವುದಕ್ಕೆ ಎಂದು ಇಬ್ಬರಿಗೂ ಗೊತ್ತಿರುತ್ತದೆ. ಗೊತ್ತಿದ್ದಲ್ಲಿ ಚೌಕಾಸಿ ಕಡಿಮೆ.

ದೊಡ್ಡ ಸಂಸ್ಥೆಗಳ ಲೆಕ್ಕಾಧಿಕಾರಿಗಳು ಇದಕ್ಕೆ ಕೊಡುವ ಉತ್ತರವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಸಾವಿರಾರು ಜನ ಓಡಾಡುವ ಕಡೆ ಹೊರಟ ಗಳಿಗೆ, ಬಂದ ಗಳಿಗೆ ಎಂದು ಪರಿಶೀಲಿಸುತ್ತ ಕೂರುವ ಖರ್ಚೇ ಉಳಿತಾಯಕ್ಕಿಂತ ಹೆಚ್ಚಾಗುತ್ತದೆ. ಮುಕ್ಕಾಲು ಎಂದು ಗೆರೆ ಎಳೆದರೆ ಒಮ್ಮೆ ಲಾಭ, ಒಮ್ಮೆ ನಷ್ಟ, ವರ್ಷದ ಕೊನೆಗೆ ಸರಿಹೋಗುತ್ತದೆ ಎನ್ನುತ್ತಾರೆ. ಬೇರೆ ಬೇರೆ ಸಮಯಕ್ಕೆ, ಬೇರೆ ಬೇರೆ ಊರಿಗೆ ಓಡಾಡುವವರಿಗೆ ಇದು ನಿಜ. ಸಣ್ಣ ಮಂಡಿಯಲ್ಲಿ ಸರಿಹೋಗುವುದಿಲ್ಲ, ಏಕೆಂದರೆ ಇಲ್ಲಿ ಬೆಂಗಳೂರಿಗೆ ಹೋಗುವವನು ಪ್ರತಿ ಸಲವೂ ಅವನೇ, ಬೆಳಗಾವಿಗೆ ಹೋಗುವವನು ಪ್ರತಿ ಸಲವೂ ಇವನೇ. ವಸೂಲಿಯ ಗುಮಾಸ್ತನಿಗೆ ಸದಾ ಬೆಳಗಿನ ಜಾವದ ಪ್ರಯಾಣ, ಆರು ಹೊತ್ತಿನ ಊಟ, ಒಂದೂವರೆ ದಿನದ ದುಡ್ಡು. ಅವನ ನಷ್ಟವನ್ನು ಇನ್ನೊಬ್ಬನ ಲಾಭದ ಜೊತೆ ಕೂಡಿಸಿದರೆ ಘಟಕದ ಲೆಕ್ಕ ಸರಿಹೋಗುತ್ತದೆಯೇ ಹೊರತು ಅವನ ಜೇಬಲ್ಲ.

ಊಟದ ಲೆಕ್ಕದಲ್ಲೂ ಅಂಚುಗಳಿವೆ, ಒಪ್ಪಿಕೊಳ್ಳಬೇಕು. 7:50ಕ್ಕೆ ತಿಂಡಿ ತಿಂದು ಹೊರಟವನಿಗೂ ಎಂಟು ಗಂಟೆಯ ಪಾಲು ಸಿಗುತ್ತದೆ. ಅಲ್ಲಿ ಪೋಲಾಗುವುದು 160 ರೂಪಾಯಿ, ಮೆಟ್ಟಿಲಿನ 320 ಅಲ್ಲ. ರಾತ್ರಿಯ ಅಂಚಿನಲ್ಲಿ 280 ಇದೆ, ಅದೂ ಸಣ್ಣದಲ್ಲ. ಆದರೆ 8:20ಕ್ಕೆ ಊರು ಮುಟ್ಟಿದವನು ದಾರಿಯಲ್ಲಿ ಉಂಡಿರುವುದು ಅಪರೂಪ, 8:45ಕ್ಕೆ ಮುಟ್ಟಿದವನು ಉಂಡಿರುವ ಸಾಧ್ಯತೆ ಹೆಚ್ಚು. ಗೆರೆ ಎಲ್ಲಿ ಎಳೆದರೂ ಅದರ ಪಕ್ಕದಲ್ಲಿ ಯಾರೋ ಒಬ್ಬ ನಿಂತಿರುತ್ತಾನೆ, ಗೆರೆಗೆ ಒಂದು ಕಾರಣ ಇದ್ದರೆ ಅವನಿಗೆ ವಿವರಿಸಬಹುದು.

ಗಡಿಯಾರ ಎಲ್ಲಿಂದ ಓಡಬೇಕು ಎನ್ನುವುದು ಹೊನ್ನವಳ್ಳಿಯಂಥ ಊರಿಗೆ ಎಲ್ಲಕ್ಕಿಂತ ಮುಖ್ಯ. ಟಿಕೆಟಿನ ಮೇಲೆ ಸಮಯ ಅಚ್ಚಾಗಿರುತ್ತದೆ, ಸಾಕ್ಷಿ ಗಟ್ಟಿ, ಆದ್ದರಿಂದ ಟಿಕೆಟಿನ ಸಮಯದಿಂದ ಎಣಿಸೋಣ ಎನ್ನುವವರು ಬಹಳ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವವನಿಗೆ ಅದರಿಂದ ಅರ್ಧ ಮುಕ್ಕಾಲು ಗಂಟೆ ಹೋಗಬಹುದು. ಇಲ್ಲಿಯವನಿಗೆ ಊಟವೇ ಹೋಗುತ್ತದೆ. ಹೊನ್ನವಳ್ಳಿ ರೋಡ್ ಎಂದು ಹೆಸರಿನಲ್ಲಿ ಊರಿದ್ದರೂ ದೂರದ ರೈಲು ಹಿಡಿಯಲು ಜನ ತಿಪಟೂರಿಗೋ ಅರಸೀಕೆರೆಗೋ ಬರಬೇಕು. ರಾತ್ರಿ 9ರ ರೈಲಿಗೆ 7:30ಕ್ಕೇ ಊರು ಬಿಟ್ಟವನು ಮನೆಯಲ್ಲಿ ಉಂಡಿರುವುದಿಲ್ಲ. ಟಿಕೆಟಿನ ಪ್ರಕಾರ ಅವನ ಪ್ರವಾಸ ಊಟದ ಹೊತ್ತು ಕಳೆದ ಮೇಲೆ ಶುರು. ದೇವನಹಳ್ಳಿಯಲ್ಲಿ ಬೆಳಗಿನ ವಿಮಾನ ಹತ್ತಬೇಕಾದವನ ಪಾಡು ಇನ್ನೂ ಕಷ್ಟ, ಅವನು ಹಿಂದಿನ ದಿನ ಸಂಜೆಯೇ ಹೊರಟಿರುತ್ತಾನೆ, ಟಿಕೆಟಿನಲ್ಲಿ ಆ ದಿನವೇ ಇಲ್ಲ. ಆದ್ದರಿಂದ ಗಡಿಯಾರ ಓಡಬೇಕಾದ್ದು ಘಟಕದ ಬಾಗಿಲಿನಿಂದ, ಅಥವಾ ನೇರ ಮನೆಯಿಂದ ಹೊರಟಿದ್ದರೆ ಮನೆಯ ಬಾಗಿಲಿನಿಂದ. ವಾಪಸು ಬರುವಾಗಲೂ ಅಷ್ಟೇ, ವೇಳಾಪಟ್ಟಿಯ ಸಮಯವಲ್ಲ, ನಿಜವಾಗಿ ಬಂದ ಸಮಯ. ಸಂಜೆ ಏಳಕ್ಕೆ ಬರಬೇಕಾದ ರೈಲು ಹತ್ತಕ್ಕೆ ಬಂದರೆ ರಾತ್ರಿಯೂಟ ಹೊರಗೇ ಆಯಿತು. ನಡುವೆ ತುಮಕೂರಿನ ನೆಂಟರ ಮನೆಗೆ ಹೋಗಿ ಕುಳಿತರೆ ಆ ಹೊತ್ತು ಪ್ರವಾಸವಲ್ಲ, ಇಷ್ಟು ಬರೆದರೆ ಸಾಕು.

ಪುಕ್ಕಟೆ ಊಟವನ್ನು ಬೇಗ ಮುಗಿಸಬಹುದು. ಸಭೆಯಲ್ಲಿ ಊಟ ಹಾಕಿಸಿದರೆ, ಲಾಡ್ಜಿನ ಬಾಡಿಗೆಯಲ್ಲೇ ತಿಂಡಿ ಸೇರಿದ್ದರೆ, ರೈಲಿನ ಟಿಕೆಟಿನಲ್ಲಿ ಊಟ ಸೇರಿದ್ದರೆ ಆ ಹೊತ್ತಿನ ಪಾಲು ಕಳೆಯಬೇಕು. ಟೀ ಬಿಸ್ಕತ್ತು ಊಟವಲ್ಲ. ಹಳೆಯ ಸರ್ಕಾರಿ ನಿಯಮದಲ್ಲಿ ಊಟ ವಸತಿ ಎರಡೂ ಪುಕ್ಕಟೆಯಾದರೆ ಕಾಲುಭಾಗ ಭತ್ಯೆ, ಊಟ ಮಾತ್ರ ಪುಕ್ಕಟೆಯಾದರೆ ಅರ್ಧ ಎಂದಿತ್ತು. ಇಡೀ ದಿನಕ್ಕೆ ಅದು ಸರಿ, ಒಂದು ಹೊತ್ತು ಮಾತ್ರ ಹಾಕಿಸಿದಾಗ ಆ ನಿಯಮಕ್ಕೆ ಬಾಯಿಲ್ಲ.

ಬಾಟಾ ಕಡಿಮೆ ಮಾಡಲು ಯಜಮಾನರಿಗೆ ಇನ್ನೊಂದು ದಾರಿ ತೋರಿಸಿದಿರಿ ಎಂಬ ಆಕ್ಷೇಪ ಬಂದೇ ಬರುತ್ತದೆ. ರಾತ್ರಿ ಪ್ರಯಾಣದವರಿಗೆ ಊಟದ ಸಾಲಿನಲ್ಲಿ ಕಡಿಮೆಯಾಗುತ್ತದೆ ಎನ್ನುವುದು ನಿಜವೇ. ಆದರೆ ದಿನದ ದರ ಸಾಲದಾದರೆ ದರ ಏರಿಸಿ ಎಂದು ಕೇಳಬೇಕು. ಕಡಿಮೆ ದರವನ್ನು ಸಹಿಸಿಕೊಂಡು ಬಂದ ದಿನದ ನಿದ್ದೆಯ ಗಂಟೆಗಳಲ್ಲಿ ಅದನ್ನು ತುಂಬಿಕೊಳ್ಳುವುದು ಮಾಲೀಕನಿಗೂ ಅನುಕೂಲ, ದರ ಏರಿಸುವ ಮಾತೇ ಬರುವುದಿಲ್ಲ. ಹಗಲು ಓಡಾಡುವವನಿಗೆ ಮಾತ್ರ ಆ ಕಳ್ಳದಾರಿ ಇಲ್ಲ.

ತೆರಿಗೆಯ ಕಡೆಯಿಂದಲೂ ಇದೇ ಉತ್ತರ ಬರುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯ 10(14)ನೇ ಸೆಕ್ಷನ್ ಮತ್ತು ಅದರಡಿಯ 2ಬಿಬಿ ನಿಯಮ ಕೆಲಸದ ಜಾಗದಿಂದ ಹೊರಗಿದ್ದಾಗಿನ ದಿನದ ಖರ್ಚಿಗೆ ಕೊಡುವ ಭತ್ಯೆಗೆ ವಿನಾಯಿತಿ ಕೊಟ್ಟದ್ದು ಆ ಕಾರಣಕ್ಕೆ ನಿಜವಾಗಿ ಖರ್ಚಾದ ಮಟ್ಟಿಗೆ. ಹೊರಗೆ ಹೋಗಲಿ ಬಿಡಲಿ ತಿಂಗಳಿಗೆ ಮೂರು ಸಾವಿರ ‘ಓಡಾಟದ ಬಾಟಾ’ ಎಂದು ಸಂಬಳದ ಜೊತೆ ಸೇರಿಸಿ ಕೊಟ್ಟರೆ ಅದು ಸಂಬಳವೇ. ಎಂಟಕ್ಕೆ ಮನೆಯಲ್ಲಿದ್ದನೋ ಹೊರಗಿದ್ದನೋ ಎಂದು ಬರೆದಿಟ್ಟ ಚೀಟಿ, ಕೊಟ್ಟ ದುಡ್ಡಿಗೂ ಆದ ಖರ್ಚಿಗೂ ಇರುವ ಸಂಬಂಧವನ್ನು ತೋರಿಸುತ್ತದೆ. ಕ್ಯಾಲೆಂಡರಿನ ಮುಕ್ಕಾಲು ಅಷ್ಟು ತೋರಿಸುವುದಿಲ್ಲ. ಚೀಟಿ ಉದ್ದವಿರಬೇಕಾಗಿಲ್ಲ. ಹೊರಟ ತಾರೀಖು ಮತ್ತು ಗಂಟೆ, ಬಂದ ತಾರೀಖು ಮತ್ತು ಗಂಟೆ, ಹೋದ ಊರು ಮತ್ತು ಕೆಲಸ, ಬೇರೆಯವರು ಹಾಕಿಸಿದ ಊಟ ಯಾವುದಾದರೂ ಇದ್ದರೆ ಅದು, ಹೋದವನ ಸಹಿ. ಬಸ್ಸಿನ ಟಿಕೆಟನ್ನು ಹಿಂಬದಿಗೆ ಪಿನ್ ಮಾಡಿದರೆ ಗಂಟೆಗೆ ಸಾಕ್ಷಿಯೂ ಸಿಕ್ಕಿತು.

ಉಳಿದದ್ದು ಒಂದೇ ದಿನದಲ್ಲಿ ಹೋಗಿಬರುವವರ ಪ್ರಶ್ನೆ. ತುಮಕೂರಿಗೆ ಬೆಳಗ್ಗೆ 9ಕ್ಕೆ ಹೊರಟು ಸಂಜೆ 7ಕ್ಕೆ ಬಂದವನಿಗೆ ಹೊರಟ ದಿನವೂ ಬಂದ ದಿನವೂ ಒಂದೇ. ಅಮೆರಿಕದ ನಿಯಮದಲ್ಲಿ 12 ಗಂಟೆ ತುಂಬದ ಈ ಪ್ರವಾಸಕ್ಕೆ ಏನೂ ಇಲ್ಲ. ಜರ್ಮನಿಯಲ್ಲಿ 8 ಗಂಟೆ ದಾಟಿದ್ದಕ್ಕೆ ಅರ್ಧ. ನಮ್ಮ ಮೆಟ್ಟಿಲಿನಲ್ಲಿ ಶೇ. 70, 560 ರೂಪಾಯಿ. ಊಟದ ಲೆಕ್ಕದಲ್ಲಿ ಮಧ್ಯಾಹ್ನದ 280 ಮತ್ತು ಚಿಲ್ಲರೆ 80, ಒಟ್ಟು 360. ರಾತ್ರಿ ಉಳಿಯದಿದ್ದರೆ ಬಾಟಾ ಇಲ್ಲ ಎಂದು ಹೇಳುವ ಮಂಡಿಗಳಲ್ಲಿ ಅವನಿಗೆ ಸಿಗುವುದು ಬಸ್ ಚಾರ್ಜು ಮಾತ್ರ, ಮಧ್ಯಾಹ್ನದ ಊಟ ಅವನ ಕೈಯಿಂದ.

ಎಷ್ಟು ದೂರ ಹೋದರೆ ಅದು ಪ್ರವಾಸ ಎನ್ನುವುದನ್ನೂ ಬರೆದಿಡಬೇಕು. ರೈಲ್ವೆಯವರು 8 ಕಿಲೋಮೀಟರ್ ದಾಟಬೇಕು ಎನ್ನುತ್ತಾರೆ. ಕಿಲೋಮೀಟರ್ ಹಿಡಿದರೆ ಹೊನ್ನವಳ್ಳಿಯಿಂದ ತಿಪಟೂರಿಗೆ ಬ್ಯಾಂಕಿನ ಕೆಲಸಕ್ಕೆ ಹೋಗಿ ಎರಡು ಗಂಟೆಯಾದವನೂ ಚೀಟಿ ಬರೆಯಲು ಕೂರುತ್ತಾನೆ. ಕೊಬ್ಬರಿ ಮಾರುಕಟ್ಟೆ ಇರುವುದೇ ತಿಪಟೂರಿನಲ್ಲಿ, ಅಲ್ಲಿನ ಓಡಾಟ ಈ ಸೀಮೆಯ ಘಟಕಗಳಿಗೆ ದಿನನಿತ್ಯದ ಕೆಲಸದ ಭಾಗ, ಆದ್ದರಿಂದ ನಾನಾದರೆ ದೂರ ಅಳೆಯದೆ ತಿಪಟೂರು ತಾಲ್ಲೂಕಿನ ಗಡಿಗೇ ಗೆರೆ ಎಳೆಯುತ್ತೇನೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗೆ ಹೋಗಿ 1:30 ದಾಟಿದರೆ ಮಧ್ಯಾಹ್ನದ 280 ಮತ್ತು 80 ಕೊಡಲಿ, ತಿಪಟೂರಿಗೆ ಹೋದದ್ದಕ್ಕೆ ಬಸ್ ಚಾರ್ಜಷ್ಟೇ.